16ರಿಂದ 21ಕ್ಕೆ: ನಿಮಿರುವಿಕೆ ತೊಂದರೆಗೆ ನಾನು ತೆಗೆದುಕೊಂಡ ಶಾಕ್‌ವೇವ್ ಚಿಕಿತ್ಸೆ

ನನಗೆ ಐವತ್ತು ದಾಟಿದೆ. ಬಿಪಿಗೆ ಬಹಳ ವರ್ಷಗಳಿಂದ ಮಾತ್ರೆ ನುಂಗುತ್ತಿದ್ದೇನೆ. ಕೊಲೆಸ್ಟರಾಲ್ ಸ್ವಲ್ಪ ಜಾಸ್ತಿ, ಶುಗರ್ ಗಡಿಯಲ್ಲಿದೆ. ಸಿಗರೇಟು ಸೇದುತ್ತಿದ್ದವನು, ಬಿಟ್ಟಿದ್ದೇನೆ. ನಿಮಿರುವಿಕೆಯ ತೊಂದರೆ ಒಂದು ರಾತ್ರಿ ಬೆಳಗಾಗುವುದರೊಳಗೆ ಬಂದಿದ್ದಲ್ಲ. ಎರಡು ವರ್ಷದಲ್ಲಿ ನಿಧಾನಕ್ಕೆ ಕಮ್ಮಿಯಾಗುತ್ತಾ ಬಂತು. ಮೊದಲು ಗಟ್ಟಿಯಾಗುತ್ತಿತ್ತು, ನಡುವೆ ಇಳಿದುಹೋಗುತ್ತಿತ್ತು. ಆಮೇಲೆ ಗಟ್ಟಿಯಾಗುವುದೇ ಅನುಮಾನ ಎನ್ನುವಂತಾಯಿತು. ಸಿಲ್ಡೆನಾಫಿಲ್ ಮಾತ್ರೆ ತೆಗೆದುಕೊಂಡರೆ ಕೆಲಸ ನಡೆಯುತ್ತಿತ್ತು. ಆದರೆ 50 ಮಿಲಿಗ್ರಾಂ ಸಾಲದೆ 100ಕ್ಕೆ ಹೋಗಬೇಕಾಯಿತು. ಅದರ ಜೊತೆಗೆ ತಲೆನೋವು, ಮುಖವೆಲ್ಲ ಬಿಸಿ. ಹಾಗಾಗಿ, ಹೊರಗಿನಿಂದ ಸದ್ದಿನಂಥ ತರಂಗ ಬಿಟ್ಟು ಶಿಶ್ನದ ರಕ್ತನಾಳಗಳನ್ನು ಸುಧಾರಿಸಲು ನೋಡುವ ಶಾಕ್‌ವೇವ್ ಚಿಕಿತ್ಸೆಯ ಬಗ್ಗೆ ಕೇಳಲು ಒಬ್ಬ ಯೂರಾಲಜಿಸ್ಟ್ ಹತ್ತಿರ ಹೋದೆ.

ಅವರು ಶಾಕ್‌ವೇವ್ ಮಾತನ್ನೇ ಎತ್ತಲಿಲ್ಲ. ಮೊದಲು ಕೇಳಿದ್ದು, "ಬೆಳಗ್ಗೆ ಎದ್ದಾಗ ಹೇಗಿರುತ್ತೆ?" ಅಂತ. ಮೊದಲಿನಷ್ಟು ಇರುವುದಿಲ್ಲ ಅಂದೆ. "ಒಬ್ಬರೇ ಇದ್ದಾಗ?" ಆಗಲೂ ಅಷ್ಟೇ ಅಂದೆ. ಈ ಎರಡು ಪ್ರಶ್ನೆ ಯಾಕೆ ಅಂತ ಅವರೇ ಬಿಡಿಸಿ ಹೇಳಿದರು. ಬೆಳಗ್ಗೆ ಚೆನ್ನಾಗಿ ನಿಮಿರಿ, ಹೆಂಡತಿಯ ಜೊತೆಗಿದ್ದಾಗ ಮಾತ್ರ ಆಗುವುದಿಲ್ಲ ಎಂದರೆ ರಕ್ತನಾಳ ಬಹುಮಟ್ಟಿಗೆ ಸರಿಯಿದೆ ಎಂದರ್ಥ. ಅಂಥವರ ತೊಂದರೆ ಹೆಚ್ಚಾಗಿ ಭಯ, ಒತ್ತಡ, ಸಂಬಂಧದ ಬಿಗುವಿನಲ್ಲಿ ಇರುತ್ತದೆ. ಅದಕ್ಕೆ ರಕ್ತನಾಳದ ಮೇಲೆ ತರಂಗ ಬಿಟ್ಟು ಏನು ಉಪಯೋಗ? ಎಲ್ಲ ಸಂದರ್ಭದಲ್ಲೂ, ನಿಧಾನವಾಗಿ, ವರ್ಷಗಟ್ಟಲೆ ಕಮ್ಮಿಯಾಗುತ್ತಾ ಬಂದಿದ್ದರೆ ರಕ್ತನಾಳದ ಕಡೆ ನೋಡಬೇಕು. ನನ್ನದು ಎರಡನೆಯ ಥರದ್ದು.

ಅವತ್ತು ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ನಿಜಕ್ಕೂ ಹೆದರಿಸಿತು. ಶಿಶ್ನಕ್ಕೆ ರಕ್ತ ತರುವ ನಾಳಗಳ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ನಾಳಗಳದ್ದು 3ರಿಂದ 4. ಒಳಗೋಡೆಗೆ ಕೊಬ್ಬು ಕಟ್ಟಲು ಶುರುವಾದರೆ ಚಿಕ್ಕ ನಾಳದಲ್ಲೇ ಮೊದಲು ಗೊತ್ತಾಗುತ್ತದೆ. ಎಷ್ಟೋ ಗಂಡಸರಿಗೆ ಎದೆನೋವು ಬರುವ ಕೆಲವು ವರ್ಷ ಮೊದಲೇ ಈ ತೊಂದರೆ ಕಾಣಿಸಿಕೊಂಡಿರುತ್ತದೆ. ಹಾಗಾಗಿ ಶುಗರ್, ಕೊಲೆಸ್ಟರಾಲ್, ಬೆಳಗಿನ ಹೊತ್ತಿನ ಟೆಸ್ಟೋಸ್ಟೆರಾನ್ ಪರೀಕ್ಷೆಗಳ ಜೊತೆಗೆ ಹೃದಯದ ತಪಾಸಣೆಯನ್ನೂ ಬರೆದುಕೊಟ್ಟರು. ಈ ತೊಂದರೆಯನ್ನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿರುವವರು ಇದೊಂದು ಕಾರಣಕ್ಕಾದರೂ ವೈದ್ಯರ ಹತ್ತಿರ ಹೋಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ನನ್ನ ಹೃದಯದ ವರದಿ ಸರಿಯಿತ್ತು. ಟೆಸ್ಟೋಸ್ಟೆರಾನ್ ಕೂಡ ಸರಿಯಿತ್ತು.

ಆಮೇಲೆ ಡಾಪ್ಲರ್. ಇದಕ್ಕೆ ಹೆದರುವವರು ಜಾಸ್ತಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಶಿಶ್ನದ ಪಕ್ಕಕ್ಕೆ ಸಣ್ಣ ಸೂಜಿಯಿಂದ ಒಂದು ಔಷಧಿ ಚುಚ್ಚುತ್ತಾರೆ. ಅದು ನಾಳಗಳನ್ನು ಸಡಿಲ ಮಾಡಿ ನಿಮಿರುವಂತೆ ಮಾಡುತ್ತದೆ. ಚುಚ್ಚಿದ್ದು ನೆನಪಿಡುವಷ್ಟು ನೋವಲ್ಲ. ಆಮೇಲೆ ಅಲ್ಟ್ರಾಸೌಂಡ್ ಇಟ್ಟು ರಕ್ತ ಎಷ್ಟು ವೇಗವಾಗಿ ಒಳಗೆ ಬರುತ್ತಿದೆ, ಎಷ್ಟು ಹೊರಗೆ ಸೋರುತ್ತಿದೆ ಅಂತ ಅಳೆಯುತ್ತಾರೆ. ಒಳಬರುವ ವೇಗ ಸೆಕೆಂಡಿಗೆ 25 ಸೆಂಟಿಮೀಟರಿಗಿಂತ ಕಮ್ಮಿಯಿದ್ದರೆ ನಾಳ ಸಾಕಷ್ಟು ರಕ್ತ ಕೊಡುತ್ತಿಲ್ಲ ಎಂದರ್ಥ. 35ಕ್ಕಿಂತ ಮೇಲಿದ್ದರೆ ಚೆನ್ನಾಗಿದೆ. ನನ್ನದು 27, ಅಂದರೆ ನಡುವೆ. ಸೋರಿಕೆ ಇರಲಿಲ್ಲ. ಔಷಧಿಯ ಪರಿಣಾಮ ಇಳಿಯುವ ತನಕ ಅಲ್ಲೇ ಕೂರಿಸಿದ್ದರು. ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಬನ್ನಿ, ನಾಚಿಕೊಂಡು ಮನೆಯಲ್ಲಿ ಕೂರಬೇಡಿ ಅಂತ ಎರಡೆರಡು ಸಲ ಹೇಳಿ ಕಳಿಸಿದರು.

ಈ ನಡುವೆ ಇನ್ನೊಂದು ಕ್ಲಿನಿಕ್‌ಗೂ ಹೋಗಿದ್ದೆ. ಮಾತ್ರೆ ಬೇಡ, ಆಪರೇಷನ್ ಬೇಡ, ನೂರಕ್ಕೆ ನೂರು ಗ್ಯಾರಂಟಿ ಅಂತ ಜಾಹೀರಾತು. ಅಲ್ಲಿ ಬೆಳಗಿನ ಪ್ರಶ್ನೆಯೂ ಇಲ್ಲ, ಡಾಪ್ಲರ್ರೂ ಇಲ್ಲ. ನೇರವಾಗಿ ಯಂತ್ರದ ಕೋಣೆಗೆ ಕರೆದುಕೊಂಡು ಹೋದರು. ಯಂತ್ರದ ಪರದೆಯಲ್ಲಿ ಒತ್ತಡವನ್ನು bar ಲೆಕ್ಕದಲ್ಲಿ ತೋರಿಸುತ್ತಿತ್ತು. ಪಕ್ಕದಲ್ಲಿ ಕಂಪ್ರೆಸರ್ ಸದ್ದು ಮಾಡುತ್ತಿತ್ತು. ಮನೆಗೆ ಬಂದಮೇಲೆ ನಮ್ಮ ಯೂರಾಲಜಿಸ್ಟ್‌ಗೆ ಈ ವಿವರ ಹೇಳಿದೆ. "ಅದು ರೇಡಿಯಲ್ ಯಂತ್ರ" ಅಂದರು.

ವ್ಯತ್ಯಾಸ ಇದು. ರೇಡಿಯಲ್ ಯಂತ್ರದ ಹಿಡಿಕೆಯೊಳಗೆ ಗಾಳಿಯ ಒತ್ತಡದಿಂದ ಒಂದು ಪುಟ್ಟ ಲೋಹದ ತುಂಡು ಮುಂದಕ್ಕೆ ಹೋಗಿ ತುದಿಗೆ ಬಡಿಯುತ್ತದೆ. ಆ ಹೊಡೆತದ ಬಲ ಚರ್ಮದ ಮೇಲೇ ಅತಿ ಹೆಚ್ಚು. ಒಳಗೆ ಹೋದಂತೆ ಹರಡಿ ಕ್ಷೀಣಿಸುತ್ತದೆ. ಹಿಮ್ಮಡಿ, ಭುಜದ ನೋವಿಗೆ ಫಿಸಿಯೋಥೆರಪಿಯವರು ಬಳಸುವುದು ಇದನ್ನೇ. ನಿಜವಾದ ಶಾಕ್‌ವೇವ್ ಯಂತ್ರ ಕಿಡಿಯಿಂದಲೋ ವಿದ್ಯುತ್‌ಕಾಂತದಿಂದಲೋ ತರಂಗ ಹುಟ್ಟಿಸಿ, ಅದನ್ನು ಒಳಗಿನ ಒಂದು ಆಳಕ್ಕೆ ಗುರಿಯಿಟ್ಟು ಕಳಿಸುತ್ತದೆ. ಅದರ ಪರದೆಯಲ್ಲಿ ಶಕ್ತಿಯನ್ನು mJ/mm² ಅಂತ ತೋರಿಸುತ್ತದೆ. ಮೂತ್ರಪಿಂಡದ ಕಲ್ಲು ಒಡೆಯುವುದಕ್ಕೂ ಇದೇ ತತ್ವ, ಆದರೆ ಇಲ್ಲಿ ಬಳಸುವ ಶಕ್ತಿ ಅದರ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಚಿಕಿತ್ಸೆಗೆ ಒಳ್ಳೆಯ ಹೆಸರು ತಂದ ಪ್ರಯೋಗಗಳೆಲ್ಲ ನಡೆದಿದ್ದು ಗುರಿಯಿಟ್ಟು ಕಳಿಸುವ ಇಂಥ ಯಂತ್ರಗಳ ಮೇಲೆ. ರೇಡಿಯಲ್ ಯಂತ್ರವನ್ನು ಹುಸಿ ಚಿಕಿತ್ಸೆಯ ಜೊತೆ ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಕ್ಕಿಲ್ಲ. ಹೊರಗೆ ಬೋರ್ಡಿನಲ್ಲಿ ಎರಡಕ್ಕೂ ಒಂದೇ ಹೆಸರು ಹಾಕುತ್ತಾರೆ. ಪರದೆಯ ಮೇಲಿನ ಆ ಅಳತೆಯನ್ನು ನೋಡಿ ಯಾರು ಬೇಕಾದರೂ ಗುರುತು ಹಿಡಿಯಬಹುದು. ಗಂಡಸರು ನಾಚಿಕೆಯಿಂದ ಪ್ರಶ್ನೆ ಕೇಳುವುದಿಲ್ಲ ಎನ್ನುವ ಧೈರ್ಯದ ಮೇಲೆ ಹೀಗೆ ಮಾರುವುದು ಮೋಸ ಅಂತಲೇ ನಾನು ಹೇಳುತ್ತೇನೆ.

ಡಾಪ್ಲರ್ ಆದಮೇಲೂ ಶಾಕ್‌ವೇವ್ ಶುರುವಾಗಲಿಲ್ಲ. ಡಾಕ್ಟರು ಮೊದಲು ಒಂದು ಪ್ರಶ್ನಾವಳಿ ಕೊಟ್ಟರು. ಐಐಇಎಫ್ ಅಂತ ಅದಕ್ಕೆ ಹೆಸರು. ಅದರಲ್ಲಿ ನಿಮಿರುವಿಕೆಗೆ ಸಂಬಂಧಿಸಿದ ಆರು ಪ್ರಶ್ನೆ ಇವೆ. ಕಳೆದ ನಾಲ್ಕು ವಾರದಲ್ಲಿ ಎಷ್ಟು ಸಲ ನಿಮಿರಿತು, ಎಷ್ಟು ಸಲ ಸೇರುವಷ್ಟು ಗಟ್ಟಿಯಾಯಿತು, ಸೇರಿದಮೇಲೆ ಉಳಿಯಿತಾ, ಕೊನೆತನಕ ಉಳಿಸಿಕೊಳ್ಳಲು ಎಷ್ಟು ಕಷ್ಟವಾಯಿತು, ನಿಮಗೆ ಎಷ್ಟು ವಿಶ್ವಾಸವಿದೆ, ಹೀಗೆ. ಒಟ್ಟು 30 ಅಂಕ. 26 ಅಥವಾ ಮೇಲಿದ್ದರೆ ತೊಂದರೆಯಿಲ್ಲ. 11ರಿಂದ 16 ಮಧ್ಯಮ ತೊಂದರೆ. 10 ಅಥವಾ ಕೆಳಗಿದ್ದರೆ ತೀವ್ರ.

ಇದನ್ನು ಸಿಲ್ಡೆನಾಫಿಲ್ ಮಾತ್ರೆ ನಿಲ್ಲಿಸಿ ನಾಲ್ಕು ವಾರ ಆದಮೇಲೆ ತುಂಬಿಸಿ ಅಂದರು. ಮಾತ್ರೆ ನುಂಗಿದ ತಿಂಗಳ ಅಂಕ ಮಾತ್ರೆಯ ಅಂಕ, ದೇಹದ್ದಲ್ಲ. ಇನ್ನೊಂದು ಷರತ್ತೂ ಹಾಕಿದರು. ಆ ನಾಲ್ಕು ವಾರದಲ್ಲಿ ನೀವಿಬ್ಬರೂ ಎಂದಿನಂತೆ ಪ್ರಯತ್ನ ಮಾಡಿರಬೇಕು. ಯಾಕೆಂದರೆ ಪ್ರಯತ್ನವನ್ನೇ ಮಾಡದಿದ್ದರೆ ಹಲವು ಪ್ರಶ್ನೆಗಳಿಗೆ ಸೊನ್ನೆ ಬೀಳುತ್ತದೆ. ಊರಿಗೆ ಹೋಗಿದ್ದವನ ಅಂಕವೂ ಕಮ್ಮಿ, ಜಗಳವಾಡಿಕೊಂಡವನ ಅಂಕವೂ ಕಮ್ಮಿ. ಚಿಕಿತ್ಸೆ ಶುರುವಾದಮೇಲೆ ಆಸೆ ಹುಟ್ಟಿ ಹೆಚ್ಚು ಸಲ ಪ್ರಯತ್ನಿಸುತ್ತಾರೆ, ಅಷ್ಟಕ್ಕೇ ಅಂಕ ಮೇಲೇರಿಬಿಡುತ್ತದೆ. ಈ ಒಂದು ಮಾತು ತಲೆಯಲ್ಲಿ ಕೂತಮೇಲೆ ಶಾಕ್‌ವೇವ್ ಪ್ರಯೋಗಗಳನ್ನು ನಾನು ಓದುವ ರೀತಿಯೇ ಬದಲಾಯಿತು.

ನನ್ನ ಹೆಂಡತಿಗೆ ಇದನ್ನೆಲ್ಲ ಹೇಳಲೇಬೇಕಾಯಿತು. ಅವಳು ಆ ಹಾಳೆಯನ್ನು ಪೂರ್ತಿ ಓದಿ, "ಇದನ್ನ ನೀವೊಬ್ಬರೇ ಯಾಕೆ ತುಂಬಿಸ್ತೀರಿ, ನನಗೂ ಗೊತ್ತಿರೋ ವಿಷಯ ಅಲ್ವಾ?" ಅಂದಳು. ಆಮೇಲೆ ಪ್ರತಿ ಸಲವೂ ಇಬ್ಬರೂ ಕೂತು ತುಂಬಿಸಿದೆವು. ಅವಳು ನನ್ನ ಎರಡು ಉತ್ತರಗಳನ್ನು ಒಂದೊಂದು ಅಂಕ ಕೆಳಗಿಳಿಸಿದಳು, ಒಂದನ್ನು ಮೇಲಕ್ಕೇರಿಸಿದಳು. ಮೊದಲ ಅಂಕ 14 ಬಂತು.

"ಈಗ ಮೂರು ತಿಂಗಳು ನಡೀರಿ" ಅಂದರು ಡಾಕ್ಟರು. ಸುಮ್ನೆ ಅಡ್ಡಾಡುವುದಲ್ಲ, ಉಸಿರು ಜೋರಾಗುವ ಹಾಗೆ 40 ನಿಮಿಷ, ವಾರಕ್ಕೆ ನಾಲ್ಕು ಸಲ. ನಡಿಗೆಯಂಥ ವ್ಯಾಯಾಮ ರಕ್ತನಾಳದ ತೊಂದರೆ ಇರುವವರ ನಿಮಿರುವಿಕೆಯನ್ನು ಸುಧಾರಿಸುತ್ತದೆ ಎನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸೋಣ ಅಂದರು. ನಡೆದೆ. ಮೂರು ತಿಂಗಳ ನಂತರ ಅಂಕ 16. ನಡಿಗೆಯನ್ನು ಹಾಗೇ ಮುಂದುವರಿಸಿಕೊಂಡು, ಬೇರೆ ಏನನ್ನೂ ಬದಲಾಯಿಸದೆ, ಶಾಕ್‌ವೇವ್ ಶುರು ಮಾಡಿದೆವು.

ಹೆಸರು ಕೇಳಿದರೆ ಕರೆಂಟು ಕೊಡುತ್ತಾರೇನೋ ಅನ್ನಿಸುತ್ತದೆ. ಇದರಲ್ಲಿ ಕರೆಂಟು ಮೈಗೆ ತಾಗುವುದೇ ಇಲ್ಲ. ಅದು ಸದ್ದಿನ ಜಾತಿಯ ತರಂಗ. ಮಲಗಿಸಿ, ಸೊಂಟದ ಕೆಳಗಿನ ಬಟ್ಟೆ ತೆಗೆಸಿ, ಮೇಲೊಂದು ಹೊದಿಕೆ ಕೊಟ್ಟರು. ಅರಿವಳಿಕೆ ಇಲ್ಲ, ಸೂಜಿ ಇಲ್ಲ. ಅಲ್ಟ್ರಾಸೌಂಡ್‌ಗೆ ಹಚ್ಚುವಂಥ ಜೆಲ್ ಧಾರಾಳವಾಗಿ ಹಚ್ಚಿದರು. ಜೆಲ್ ಕಮ್ಮಿಯಾಗಿ ನಡುವೆ ಗಾಳಿ ಸೇರಿದರೆ ತರಂಗ ಒಳಗೆ ಹೋಗುವುದಿಲ್ಲ, ಅಲ್ಲೇ ವಾಪಸ್ಸಾಗುತ್ತದೆ. ಶಿಶ್ನವನ್ನು ಮೆಲ್ಲಗೆ ಎಳೆದು ಹಿಡಿದು ತುದಿಯ ಹತ್ತಿರ, ನಡುವೆ, ಬುಡದಲ್ಲಿ, ಹೀಗೆ ಮೂರು ಕಡೆ ಹಿಡಿಕೆ ಇಟ್ಟರು. ಆಮೇಲೆ ಕಾಲು ಅಗಲಿಸಿ, ವೃಷಣದ ಹಿಂದೆ ಎಡಕ್ಕೊಂದು ಬಲಕ್ಕೊಂದು. ಶಿಶ್ನದ ಬೇರುಗಳು ಇರುವುದು ಅಲ್ಲೇ. ನಿಮಿರುವ ಅಂಗಾಂಶದ ದೊಡ್ಡ ಪಾಲು ಹೊರಗೆ ಕಾಣದೆ ಒಳಗಿರುತ್ತದೆ. ಬೇರುಗಳನ್ನು ಬಿಟ್ಟು ಹೊರಗಿನ ಭಾಗಕ್ಕೆ ಮಾತ್ರ ಕೊಟ್ಟರೆ ಚಿಕಿತ್ಸೆ ಅರ್ಧ ಮಾಡಿದ ಹಾಗೆ.

ಒಂದೊಂದು ಜಾಗಕ್ಕೆ 300 ಹೊಡೆತ, ಒಟ್ಟು 1,500. ನಿಮಿಷಕ್ಕೆ 120ರಂತೆ ಹೋಗುತ್ತದೆ. ಪರದೆಯಲ್ಲಿ 0.09 mJ/mm² ಅಂತಿತ್ತು. ಯಾರೋ ರಬ್ಬರ್ ಬ್ಯಾಂಡನ್ನು ಬಟ್ಟೆಯ ಮೇಲಿಂದ ಮೆಲ್ಲಗೆ ಬಿಟ್ಟ ಹಾಗೆ ಟಕ್ ಟಕ್ ಅನ್ನಿಸುತ್ತದೆ. ತುದಿಯ ಹತ್ತಿರ ಸ್ವಲ್ಪ ಚುರುಕು, ಬೇರಿನ ಹತ್ತಿರ ಏನೂ ಅನ್ನಿಸುವುದಿಲ್ಲ. ಸುಮಾರು 20 ನಿಮಿಷದಲ್ಲಿ ಮುಗಿಯುತ್ತದೆ. ಎದ್ದು ಒರೆಸಿಕೊಂಡು ನೇರವಾಗಿ ಕೆಲಸಕ್ಕೆ ಹೋಗುತ್ತಿದ್ದೆ. ವಾರಕ್ಕೆ ಎರಡು ಸಲ, ಮೂರು ವಾರ. ಆಮೇಲೆ ಮೂರು ವಾರ ಬಿಡುವು. ಮತ್ತೆ ಮೂರು ವಾರ. ಒಟ್ಟು 12 ಸಲ. ಒಂದೆರಡು ಸಲ ಚರ್ಮ ಸ್ವಲ್ಪ ಕೆಂಪಾಗಿದ್ದು ಬಿಟ್ಟರೆ ನನಗೆ ಏನೂ ಆಗಲಿಲ್ಲ. ಪ್ರಯೋಗಗಳಲ್ಲೂ ಗಂಭೀರ ತೊಂದರೆ ವರದಿಯಾಗಿದ್ದು ಅಪರೂಪ. ಆದರೆ ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವವರು, ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವವರು, ಆ ಜಾಗದಲ್ಲಿ ಸೋಂಕು ಅಥವಾ ಗಡ್ಡೆ ಇರುವವರು ಮೊದಲೇ ಹೇಳಬೇಕು.

ಈ 12 ಸಲದ ಲೆಕ್ಕ ಬಂದಿದ್ದು ಇಸ್ರೇಲಿನ ಹೈಫಾದಿಂದ. ಅಲ್ಲಿ ಯೋರಾಮ್ ವಾರ್ಡಿ ಅವರ ತಂಡ 2010ರಲ್ಲಿ 20 ಗಂಡಸರ ಮೇಲೆ ಮೊದಲ ಪ್ರಯೋಗ ಪ್ರಕಟಿಸಿತು. ಎಲ್ಲರಿಗೂ ರಕ್ತನಾಳದ ತೊಂದರೆ, ಎಲ್ಲರಿಗೂ ಮಾತ್ರೆ ಕೆಲಸ ಮಾಡುತ್ತಿತ್ತು. ಚಿಕಿತ್ಸೆಯ ನಂತರ ಸರಾಸರಿ ಅಂಕ 13.5ರಿಂದ 20.9ಕ್ಕೆ ಏರಿತು. ಏಳು ಅಂಕಕ್ಕಿಂತ ಜಾಸ್ತಿ! ಜಾಹೀರಾತುಗಳಲ್ಲಿ ಬರುವುದು ಇಂಥ ಸಂಖ್ಯೆಗಳೇ. ಆದರೆ ಆ ಪ್ರಯೋಗದಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ.

ಅದೇ ತಂಡ 2012ರಲ್ಲಿ ಹೋಲಿಕೆ ಇಟ್ಟುಕೊಂಡು ಮತ್ತೆ ಮಾಡಿತು. ಈ ಸಲ 67 ಗಂಡಸರು. ಕೆಲವರಿಗೆ ನಿಜವಾದ ಹಿಡಿಕೆ, ಕೆಲವರಿಗೆ ಹುಸಿ ಹಿಡಿಕೆ. ಹುಸಿ ಹಿಡಿಕೆ ನೋಡಲು ಹಾಗೇ ಇರುತ್ತದೆ, ಸದ್ದೂ ಹಾಗೇ ಬರುತ್ತದೆ, ತರಂಗ ಮಾತ್ರ ಬರುವುದಿಲ್ಲ. ನಿಜವಾದ ಚಿಕಿತ್ಸೆ ಸಿಕ್ಕವರ ಅಂಕ ಸರಾಸರಿ 6.7 ಏರಿತು. ಹುಸಿ ಸಿಕ್ಕವರದ್ದು 3.0 ಏರಿತು. ಏನೂ ಕೊಡದೆ ಮೂರು ಅಂಕ! ಆಸೆ, ಡಾಕ್ಟರ ಗಮನ, ಮನೆಯಲ್ಲಿ ಹೆಚ್ಚಾದ ಪ್ರಯತ್ನ, ಎಲ್ಲ ಸೇರಿ ಅಷ್ಟು ಏರುತ್ತದೆ. ತರಂಗದ ಪಾಲು ಉಳಿದ 3.7. ಅದು ಸೊನ್ನೆಯಲ್ಲ, ಆದರೆ ಏಳೂ ಅಲ್ಲ.

ಆಮೇಲೆ ಬಂದ ಪ್ರಯೋಗಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. ಹೈಫಾದಲ್ಲೇ 2016ರಲ್ಲಿ, ಮಾತ್ರೆಯೂ ಕೆಲಸ ಮಾಡದವರ ಮೇಲೆ ನೋಡಿದರು. ಚಿಕಿತ್ಸೆಯ ನಂತರ ಮಾತ್ರೆ ಜೊತೆಗೆ ಸೇರುವಷ್ಟು ಗಡಸುತನ ಬಂದವರು ನೂರಕ್ಕೆ 54. ಹುಸಿ ಗುಂಪಿನಲ್ಲಿ ಒಬ್ಬರೂ ಇಲ್ಲ. ಮರುವರ್ಷ, 2017ರಲ್ಲಿ, ಡೆನ್ಮಾರ್ಕಿನವರು 126 ಗಂಡಸರ ಮೇಲೆ ಮಾಡಿದ ಪ್ರಯೋಗ ಬಂತು. ಚೆನ್ನಾಗಿ ಸುಧಾರಿಸಿದವರು ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 38, ಹುಸಿ ಗುಂಪಿನಲ್ಲೂ ನೂರಕ್ಕೆ 38. ವ್ಯತ್ಯಾಸವೇ ಇಲ್ಲ. ಯಂತ್ರ ಬೇರೆ, ಹೊಡೆತದ ಸಂಖ್ಯೆ ಬೇರೆ, ವಾರದ ಲೆಕ್ಕ ಬೇರೆ, ಸೇರಿಸಿಕೊಂಡ ರೋಗಿಗಳೂ ಬೇರೆ. ಒಂದರ ಸೋಲನ್ನು ಇನ್ನೊಂದರ ಗೆಲುವಿನ ಪಕ್ಕ ಇಟ್ಟು ತೂಗುವುದು ಕಷ್ಟ. ಗ್ರೀಸಿನಲ್ಲಿ ಮಧ್ಯಮ ತೊಂದರೆಯವರನ್ನೇ ಆರಿಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗ ಮತ್ತೆ ಚಿಕಿತ್ಸೆಯ ಪರ ಬಂತು. ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದವರಿಗೆ ಹುಸಿಗಿಂತ ಸರಾಸರಿ 2ರಿಂದ 4 ಅಂಕ ಹೆಚ್ಚು ಸಿಕ್ಕಿದೆ.

ಈ ಎರಡರಿಂದ ನಾಲ್ಕು ಅಂಕ ಯಾರಿಗೆ ಸಾಕು? ಇಲ್ಲಿ ಒಂದು ಅಳತೆ ಬಹಳ ಉಪಯೋಗಕ್ಕೆ ಬರುತ್ತದೆ. ಬದಲಾವಣೆ ಆಗಿದೆ ಅಂತ ಗಂಡಸರಿಗೇ ಅನ್ನಿಸಬೇಕಾದರೆ ಎಷ್ಟು ಅಂಕ ಏರಬೇಕು ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಸೌಮ್ಯ ತೊಂದರೆ ಇದ್ದವರಿಗೆ 2 ಅಂಕ ಸಾಕು. ಮಧ್ಯಮಕ್ಕೆ 5 ಬೇಕು. ತೀವ್ರಕ್ಕೆ 7 ಬೇಕು. ಸೌಮ್ಯ ತೊಂದರೆಯವನಿಗೆ ಮೂರು ಅಂಕ ಸಿಕ್ಕರೆ ರಾತ್ರಿಯ ಅನುಭವವೇ ಬೇರೆಯಾಗುತ್ತದೆ. ತೀವ್ರ ತೊಂದರೆಯವನು 7ರಿಂದ 10ಕ್ಕೆ ಬಂದರೂ ಹಾಸಿಗೆಯಲ್ಲಿ ಏನೂ ಬದಲಾಗುವುದಿಲ್ಲ. ಎಲ್ಲರಿಗೂ ಒಂದೇ ಪ್ಯಾಕೇಜ್ ಮಾರುವವರು ಈ ಮಾತನ್ನು ಹೇಳುವುದೇ ಇಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ಚಿಕಿತ್ಸೆಯ ನಡುವೆ ನನಗೆ ಏನೂ ಗೊತ್ತಾಗಲಿಲ್ಲ. ಬಿಡುವಿನ ವಾರಗಳಲ್ಲಂತೂ ಬೇಸರವೇ ಆಗಿತ್ತು. ಆದರೆ ಅಷ್ಟು ಬೇಗ ಗೊತ್ತಾಗಲೂ ಬಾರದು. ತರಂಗ ಮಾಡುವ ಕೆಲಸ ಅಂಗಾಂಶವನ್ನು ಮೆಲ್ಲಗೆ ಕೆಣಕುವುದು. ಅದರಿಂದ ಹೊಸ ಸಣ್ಣ ನಾಳಗಳು ಹುಟ್ಟುತ್ತವೆ, ನಾಳಗಳು ಸಡಿಲಗೊಳ್ಳುವ ಶಕ್ತಿ ಹೆಚ್ಚುತ್ತದೆ ಎನ್ನುವುದು ವಿವರಣೆ. ಇದರ ಹೆಚ್ಚಿನ ಪುರಾವೆ ಇಲಿಗಳ ಮೇಲಿನ ಪ್ರಯೋಗಗಳದ್ದು. ಮನುಷ್ಯರಲ್ಲಿ ಅಂಗಾಂಶ ತೆಗೆದು ನೋಡಿದ್ದು ಕಮ್ಮಿ. ಏನೇ ಇರಲಿ, ನಾಳ ಬೆಳೆಯಲು ವಾರಗಳು ಬೇಕು. ಮೊದಲ ದಿನವೇ ಪರಿಣಾಮ ಕಂಡಿತು ಎಂದು ಯಾರಾದರೂ ಹೇಳಿದರೆ ಅದು ನಾಳದಿಂದ ಬಂದಿದ್ದಲ್ಲ.

ಕೊನೆಯ ಸಲ ಮುಗಿದು ಒಂದು ತಿಂಗಳಿಗೆ, ಮತ್ತೆ ಮಾತ್ರೆ ನಿಲ್ಲಿಸಿದ ನಾಲ್ಕು ವಾರದ ಲೆಕ್ಕದಲ್ಲಿ, ಅಂಕ 20. ಮೂರು ತಿಂಗಳಿಗೆ 21. ಗಡಸುತನಕ್ಕೆ ಬೇರೆಯದೇ ಒಂದು ಅಳತೆ ಇದೆ, 1ರಿಂದ 4. ಎರಡು ಅಂದರೆ ಗಟ್ಟಿಯಾಗುತ್ತದೆ, ಸೇರುವಷ್ಟಲ್ಲ. ಮೂರು ಅಂದರೆ ಸೇರುವಷ್ಟು, ಪೂರ್ತಿಯಲ್ಲ. ಅದರಲ್ಲಿ ನಾನು 2ರಿಂದ 3ಕ್ಕೆ ಬಂದಿದ್ದೆ.

16ರಿಂದ 21, ಅಂದರೆ 5 ಅಂಕ. ಮಧ್ಯಮ ತೊಂದರೆಯವನಿಗೆ ಬೇಕಾದಷ್ಟೇ, ಸರಿಯಾಗಿ ಗಡಿಯ ಮೇಲೆ. ಡಾಕ್ಟರು ಕಾಗದದ ಮೇಲೆ ಒಂದು ಗೆರೆ ಎಳೆದು 3.0 ಮತ್ತು 6.7 ಬರೆದರು. ನಡುವೆ ನನ್ನ 5ನ್ನು ಗುರುತು ಮಾಡಿದರು. "ನೋಡಿ, ನಿಮ್ಮದು ಇಲ್ಲಿ ಬೀಳುತ್ತೆ. ಇದರಲ್ಲಿ ತರಂಗದ್ದು ಎಷ್ಟು, ಆಸೆಯದ್ದು ಎಷ್ಟು ಅಂತ ಒಬ್ಬ ಮನುಷ್ಯನಲ್ಲಿ ಬಿಡಿಸೋಕೆ ಆಗಲ್ಲ. ನಡಿಗೆಯದ್ದನ್ನ ಮಾತ್ರ ಮೊದಲೇ ಬೇರೆ ಮಾಡಿದ್ವಿ." ಇಷ್ಟು ನೇರವಾಗಿ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಮನೆಯಲ್ಲಿ ಆದ ಬದಲಾವಣೆ ಇಷ್ಟು. ಮೊದಲು 100 ಮಿಲಿಗ್ರಾಂ ಬೇಕಾಗಿದ್ದ ಕಡೆ ಈಗ 50 ಸಾಕು. ತಲೆನೋವು ಬಹುಮಟ್ಟಿಗೆ ಹೋಯಿತು. ಕೆಲವು ಸಲ ಮಾತ್ರೆ ಇಲ್ಲದೆಯೂ ಆಗುತ್ತದೆ, ಕೆಲವು ಸಲ ಆಗುವುದಿಲ್ಲ. ಮಾತ್ರೆಯಿಂದ ಪೂರ್ತಿ ಬಿಡುಗಡೆ ಸಿಗಲಿಲ್ಲ. ನನಗೆ ಇದು ಸಮಾಧಾನ ತಂದಿದೆ. ಮಾತ್ರೆ ಬಿಟ್ಟೇ ಬಿಡಬೇಕು ಅಂತ ಹೋಗಿದ್ದರೆ ನಿರಾಸೆಯಾಗುತ್ತಿತ್ತು.

ಚಿಕಿತ್ಸೆಗೆ ಒಪ್ಪುವ ಮೊದಲು ಸಹಿ ಹಾಕಿಸಿಕೊಂಡ ಹಾಳೆಯಲ್ಲಿ ಒಂದು ವಿಷಯ ಸ್ಪಷ್ಟವಾಗಿ ಬರೆದಿತ್ತು. ಅಮೆರಿಕದ ಯೂರಾಲಜಿ ಸಂಘ 2018ರ ಮಾರ್ಗಸೂಚಿಯಲ್ಲಿ ಇದನ್ನು ಇನ್ನೂ ಪ್ರಯೋಗದ ಹಂತದ ಚಿಕಿತ್ಸೆ ಎಂದು ಕರೆದಿದೆ. ಯುರೋಪಿನ ಸಂಘ ಸ್ವಲ್ಪ ಬಾಗಿಲು ತೆರೆದಿದೆ. ಸೌಮ್ಯವಾದ ರಕ್ತನಾಳದ ತೊಂದರೆ ಇರುವವರಿಗೆ ಎಲ್ಲವನ್ನೂ ತಿಳಿಸಿ ಕೊಡಬಹುದು ಎನ್ನುತ್ತದೆ, ಆದರೆ ದುರ್ಬಲ ಶಿಫಾರಸು ಅಂತಲೇ. ಎರಡೂ ಒಂದೇ ಪ್ರಯೋಗಗಳನ್ನು ಓದಿ ಹೇಳಿದ ಮಾತುಗಳೇ. ಪುರಾವೆ ಅಷ್ಟು ಗಡಿಯಲ್ಲಿದೆ.

ಕಾಯುವ ಕೋಣೆಯಲ್ಲಿ ಪರಿಚಯವಾದ ಒಬ್ಬ ಹಿರಿಯರಿಗೆ ಇದೇ ಡಾಕ್ಟರು ಶಾಕ್‌ವೇವ್ ಬೇಡ ಅಂದಿದ್ದರು. ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಅದರಲ್ಲಿ ನಿಮಿರುವಿಕೆಯ ನರಗಳಿಗೆ ಪೆಟ್ಟು ಬಿದ್ದಿತ್ತು. ನನ್ನ ಚಿಕಿತ್ಸೆ ನಡೆಯುತ್ತಿರುವುದನ್ನು ನೋಡಿ ಅವರಿಗೆ ಬೇಸರ. "ನಿಮಗೆ ಕೊಡ್ತಾರೆ, ನನಗ್ಯಾಕೆ ಕೊಡಲ್ಲ?" ಅಂದರು. ಡಾಕ್ಟರು ಅವರಿಗೂ ಬಿಡಿಸಿ ಹೇಳಿದ್ದರಂತೆ. ನರದಿಂದ ಸಂದೇಶವೇ ಬಾರದಿದ್ದರೆ ನಾಳ ಎಷ್ಟು ಚೆನ್ನಾಗಿದ್ದರೂ ತೆರೆಯುವುದಿಲ್ಲ. ಅಂಥವರ ಮೇಲೆ ಶಾಕ್‌ವೇವ್ ಮಾಡಿ ನೋಡಿದ್ದಾರೆ, ಸಿಕ್ಕಿದ ಲಾಭ ಗಮನಕ್ಕೆ ಬರುವಷ್ಟಿರಲಿಲ್ಲ. ಅವರಿಗೆ ಶಿಶ್ನಕ್ಕೆ ತಾವೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಕಲಿಸಿಕೊಟ್ಟರು. ಅದು ನರದ ಸಂದೇಶಕ್ಕೆ ಕಾಯದೆ ನೇರವಾಗಿ ನಾಳದ ಮೇಲೆ ಕೆಲಸ ಮಾಡುತ್ತದೆ. ಆಮೇಲೊಮ್ಮೆ ಸಿಕ್ಕಾಗ ಅವರ ಮುಖದಲ್ಲಿ ಗೆಲುವಿತ್ತು. ನನ್ನ 5 ಅಂಕಕ್ಕಿಂತ ಅವರಿಗೆ ಸಿಕ್ಕಿದ್ದು ಎಷ್ಟೋ ಹೆಚ್ಚು.

ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ನಾಳ, ನರ ಎರಡೂ ಹಾಳಾದವರು, ಡಾಪ್ಲರ್‌ನಲ್ಲಿ ರಕ್ತ ಹೊರಗೆ ಸೋರುವುದು ಕಂಡವರು, ಟೆಸ್ಟೋಸ್ಟೆರಾನ್ ತುಂಬಾ ಕಮ್ಮಿ ಇರುವವರು, ಇವರಿಗೂ ಬೇರೆ ದಾರಿಯೇ ಮೊದಲು. ಶಿಶ್ನ ಬಾಗಿರುವ ಪೈರೋನೀಸ್ ಕಾಯಿಲೆಯಲ್ಲಿ ತರಂಗ ನೋವನ್ನು ಕಮ್ಮಿ ಮಾಡಬಹುದು, ಬಾಗಿದ್ದನ್ನು ನೆಟ್ಟಗೆ ಮಾಡುವುದಿಲ್ಲ. ಹೆಚ್ಚು ಆಸೆ ಇಟ್ಟುಕೊಳ್ಳಬಹುದಾದವರು ಅಂದರೆ ರಕ್ತನಾಳದ ತೊಂದರೆ ಸೌಮ್ಯ ಅಥವಾ ಮಧ್ಯಮ ಮಟ್ಟದಲ್ಲಿದ್ದು, ಮಾತ್ರೆ ಇನ್ನೂ ಕೆಲಸ ಮಾಡುತ್ತಿರುವವರು. ಕೇಳಲು ವಿಚಿತ್ರ ಅನ್ನಿಸಬಹುದು, ಮಾತ್ರೆ ಕೆಲಸ ಮಾಡುತ್ತಿದ್ದರೆ ಇದು ಯಾಕೆ ಅಂತ. ಮಾತ್ರೆ ಕೆಲಸ ಮಾಡುವುದೇ ನಾಳ ಮತ್ತು ನರದಲ್ಲಿ ಇನ್ನೂ ಜೀವ ಇದೆ ಎನ್ನುವುದಕ್ಕೆ ಸಾಕ್ಷಿ. ಸುಧಾರಿಸಲು ಒಳಗೆ ಏನಾದರೂ ಉಳಿದಿರಬೇಕಲ್ಲ. ಮಾತ್ರೆ ಕೆಲಸ ಮಾಡುತ್ತಿಲ್ಲ ಅನ್ನುವವರಲ್ಲೂ ಅದನ್ನು ಸರಿಯಾಗಿ ತೆಗೆದುಕೊಳ್ಳದವರು ಬಹಳ. ಸಿಲ್ಡೆನಾಫಿಲ್ ಅನ್ನು ಜಿಡ್ಡಿನ ಊಟದ ಮೇಲೆ ನುಂಗಿದರೆ ಪರಿಣಾಮ ತಡವಾಗುತ್ತದೆ. ನುಂಗಿ ಸುಮ್ಮನೆ ಮಲಗಿದರೂ ಆಗುವುದಿಲ್ಲ, ಮನಸ್ಸು ಮೈ ಎರಡಕ್ಕೂ ಪ್ರಚೋದನೆ ಬೇಕು. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಮಾತ್ರ ಇದನ್ನು ಮುಟ್ಟಲೇ ಬಾರದು, ಬಿಪಿ ಅಪಾಯಕಾರಿಯಾಗಿ ಬೀಳುತ್ತದೆ.

ಒಂದು ವರ್ಷಕ್ಕೆ ಮತ್ತೆ ಪ್ರಶ್ನಾವಳಿ ತುಂಬಿಸಿದೆವು. 19 ಬಂತು. ಇಳಿದಿದ್ದನ್ನು ನೋಡಿ ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ಇದೂ ಪ್ರಯೋಗಗಳಲ್ಲಿ ಕಂಡಿದ್ದೇ. ಹೈಫಾದವರು 2018ರಲ್ಲಿ ಎರಡು ವರ್ಷದ ಲೆಕ್ಕ ಕೊಟ್ಟಿದ್ದಾರೆ. ಮೊದಲು ಗುಣ ಕಂಡವರಲ್ಲಿ ಎರಡು ವರ್ಷದ ನಂತರವೂ ಅದನ್ನು ಉಳಿಸಿಕೊಂಡವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ತೀವ್ರ ತೊಂದರೆ ಮತ್ತು ಸಕ್ಕರೆ ಕಾಯಿಲೆ ಇದ್ದವರು ಬೇಗ ಕಳೆದುಕೊಂಡಿದ್ದರು. ನಾಳವನ್ನು ಹಾಳು ಮಾಡುತ್ತಿದ್ದ ಕಾರಣಗಳು ಹಾಗೇ ಇದ್ದರೆ ಹೊಸದಾಗಿ ಬಂದಿದ್ದೂ ಹಾಳಾಗುತ್ತದೆ.

ಇನ್ನೊಂದು ಸುತ್ತು ತೆಗೆದುಕೊಳ್ಳಬೇಕಾ ಅಂತ ಕೇಳಿದೆ. ಡಾಕ್ಟರು ನನ್ನ ಹೊಸ ರಕ್ತ ಪರೀಕ್ಷೆಯ ಹಾಳೆಯನ್ನು ಮುಂದಿಟ್ಟರು. ಶುಗರ್ ಗಡಿ ದಾಟುವ ಹತ್ತಿರ ಬಂದಿತ್ತು. ಮೊದಲು ಇದನ್ನು ಆರು ತಿಂಗಳಲ್ಲಿ ಇಳಿಸಿ, ಬಿಪಿಯನ್ನು ಹಿಡಿತದಲ್ಲಿಡಿ, 50ರ ಮಾತ್ರೆ ಮುಂದುವರಿಸಿ ಅಂದರು. ಆಮೇಲೂ ಅಂಕ 16ರ ಕಡೆಗೆ ಜಾರಿದರೆ ಮಾತ್ರ ಎರಡನೇ ಸುತ್ತಿನ ಮಾತು.

ಅದಕ್ಕೆ ಒಪ್ಪಿದ್ದೇವೆ. ಮುಂದಿನ ಪ್ರಶ್ನಾವಳಿಯ ಹಾಳೆ ಹೆಂಡತಿಯ ಹತ್ತಿರ ಇದೆ.